ಬರೆಯುವುದು ‘ಮೊಲೊಕೊ’, ನುಡಿಯುವುದು ‘ಮಲಕೋ’

ಪ್ರಶ್ನೆ: ರಷ್ಯಾದಲ್ಲಿ ವೈದ್ಯಕೀಯ ಓದುತ್ತಿರುವ ನನ್ನ ಮಗಳು ಹಾಲಿಗೆ ‘ಮಲಕೋ’ ಎನ್ನುತ್ತಾಳೆ. ಅವಳ ಪುಸ್ತಕದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದರೆ ‘ಮೊಲೊಕೊ’ ಎಂದಾಗುತ್ತದೆ. ಒಂದೇ ಅಕ್ಷರಕ್ಕೆ ಎರಡು ಉಚ್ಚಾರ ಏಕೆ? ನುಡಿದಂತೆಯೇ ಬರೆಯುವ ಹಾಗೆ ಅವರು ತಿದ್ದಿಕೊಳ್ಳಬಾರದೇ?
— ಓರ್ವ ಓದುಗರು, ಧಾರವಾಡ

ಉತ್ತರ: ಮಾನ್ಯರೇ, ನಿಮ್ಮ ಮಗಳ ಉಚ್ಚಾರವೂ ಸರಿ, ಪುಸ್ತಕದ ಬರಹವೂ ಸರಿ. ಇವೆರಡರ ನಡುವೆ ನಿಂತಿರುವುದು ಬರಹದಲ್ಲಿ ಕಾಣಿಸದ ಒಂದು ಸಂಗತಿ. ಅದನ್ನು ಒತ್ತು ಎಂದು ಕರೆಯೋಣ. ನಮ್ಮ ಒತ್ತಕ್ಷರಕ್ಕೂ ಇದಕ್ಕೂ ಸಂಬಂಧವಿಲ್ಲ. ರಷ್ಯನ್ನಿನ ಪ್ರತಿ ಪದದಲ್ಲೂ ಸಾಮಾನ್ಯವಾಗಿ ಒಂದೇ ಒಂದು ಸ್ವರದ ಮೇಲೆ ಉಸಿರಿನ ಬಲ ಬೀಳುತ್ತದೆ. ಆ ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ, ತನ್ನ ಪೂರ್ಣ ರೂಪದಲ್ಲಿ ಕೇಳಿಸುತ್ತದೆ. ಉಳಿದ ಸ್ವರಗಳಿಗೆ ಸಿಗುವ ಕಾಲ ಕಡಿಮೆ. ‘ಒ’ ಎನ್ನಲು ತುಟಿಗಳು ದುಂಡಗಾಗಬೇಕು, ನಾಲಿಗೆ ಹಿಂದಕ್ಕೆ ಸರಿಯಬೇಕು. ಅಷ್ಟು ಕಾಲವಿಲ್ಲದಾಗ ಬಾಯಿ ಸಡಿಲವಾಗಿಯೇ ಉಳಿದು, ಹೊರಡುವುದು ನಮ್ಮ ‘ಅ’ವನ್ನು ಹೋಲುವ ದನಿ. ಹಾಲಿನ ಪದದಲ್ಲಿ ಒತ್ತು ಕೊನೆಯ ಸ್ವರದ ಮೇಲಿದೆ, ಆದ್ದರಿಂದ ಅದು ‘ಕೋ’ ಆಗಿಯೇ ಉಳಿಯಿತು. ಅದಕ್ಕೆ ತೀರ ಹತ್ತಿರದ ನಡುವಿನ ಸ್ವರ ಸ್ಪಷ್ಟವಾದ ‘ಅ’ ಆಯಿತು. ಇನ್ನೂ ದೂರದ ಮೊದಲ ಸ್ವರ ಅದಕ್ಕಿಂತಲೂ ಕ್ಷೀಣವಾಗಿ, ‘ಮ’ಕ್ಕೂ ‘ಮ್’ಗೂ ನಡುವೆ ನಿಂತಂತೆ ಕೇಳಿಸುತ್ತದೆ. ಒತ್ತಿಲ್ಲದ ಕಡೆ ‘ಅ’ ಅಕ್ಷರಕ್ಕೂ ಇದೇ ಗತಿ ಒದಗುವುದರಿಂದ ಅಲ್ಲಿ ‘ಅ’, ‘ಒ’ಗಳ ಭೇದವೇ ಅಳಿದುಹೋಗುತ್ತದೆ. ರಷ್ಯನ್ನರು ಇದಕ್ಕೆ ‘ಅಕಾನ್ಯೆ’ ಎಂಬ ಹೆಸರಿಟ್ಟಿದ್ದಾರೆ.

ನಾವೂ ‘ಹೇಳಿದರು’ ಎಂದು ಬರೆದು ‘ಹೇಳಿದ್ರು’ ಎನ್ನುತ್ತೇವಲ್ಲ, ಇದೂ ಅದೇ ತಾನೇ ಎಂದು ನಿಮಗೆ ಅನ್ನಿಸಬಹುದು. ಒಂದು ಮುಖ್ಯವಾದ ಅಂತರವಿದೆ. ವೇದಿಕೆಯ ಮೇಲೆ ನಿಂತಾಗ ನಾವು ‘ಹೇಳಿದರು’ ಎಂದು ಪೂರ್ಣವಾಗಿ ನುಡಿಯಬಲ್ಲೆವು, ನುಡಿಯುತ್ತೇವೆ ಕೂಡ. ಮಾಸ್ಕೋದ ವಾರ್ತಾವಾಚಕರಾದರೋ ಎಷ್ಟೇ ಎಚ್ಚರದಿಂದ ಓದಿದರೂ ‘ಮಲಕೋ’ ಎಂದೇ ಓದುತ್ತಾರೆ. ತಮ್ಮ ಊರನ್ನು ‘ಮೊಸ್ಕ್ವ’ ಎಂದು ಬರೆದು ‘ಮಸ್ಕ್ವಾ’ ಎನ್ನುತ್ತಾರೆ. ಅಲ್ಲಿ ಇದು ಅವಸರದ ಮಾತಲ್ಲ, ಶಿಷ್ಟ ಉಚ್ಚಾರವೇ.

ಹಾಗಾದರೆ ‘ಅ’ ಎಂದೇ ಏಕೆ ಬರೆಯುವುದಿಲ್ಲ? ಇದಕ್ಕೆ ಉತ್ತರ ‘ನಗರ’ ಎಂಬರ್ಥದ ಒಂದೇ ಪದದಲ್ಲಿ ಸಿಗುತ್ತದೆ. ಅದರ ಬರಹ ‘ಗೊರೊದ್’. ಏಕವಚನದಲ್ಲಿ ಒತ್ತು ಮೊದಲ ಸ್ವರದ ಮೇಲಿರುವುದರಿಂದ ಅದು ‘ಗೋರತ್’ ಎಂದು ಕೇಳಿಸುತ್ತದೆ; ಎರಡನೆಯ ‘ಒ’ ಮಸುಕಾಗಿದೆ, ಪದಾಂತ್ಯದ ನಿಯಮದಂತೆ ‘ದ್’ ಕೂಡ ‘ತ್’ ಆಗಿದೆ. ಬಹುವಚನದಲ್ಲಿ ಒತ್ತು ಪದದ ತುದಿಗೆ ಸರಿಯುತ್ತದೆ, ಪದ ‘ಗರದಾ’ ಆಗುತ್ತದೆ. ಈಗ ಎರಡೂ ‘ಒ’ಗಳು ಮರೆಯಾದವು, ಆದರೆ ಏಕವಚನದಲ್ಲಿ ಅಡಗಿದ್ದ ‘ದ’ ಹೊರಬಂತು. ‘ಬೇರೆ ನಗರದ’ ಎಂಬ ವಿಶೇಷಣದಲ್ಲಿ ಒತ್ತು ನಡುವಿಗೆ ಬಂದು ‘ಇನಗರೋದ್ನಿಯ್’ ಎಂದಾಗುತ್ತದೆ. ಇಲ್ಲಿ ಎರಡನೆಯ ‘ಒ’ ತುಂಬಿದ ದನಿಯಲ್ಲಿ ಕೇಳಿಸುತ್ತದೆ. ಈ ಯಾವ ರೂಪದಲ್ಲೂ ‘ಗೊರೊದ್’ ಇಡಿಯಾಗಿ ಕೇಳಿಬರುವುದಿಲ್ಲ, ಆದರೂ ಅದರ ಪ್ರತಿ ಅಕ್ಷರಕ್ಕೂ ಯಾವುದೋ ಒಂದು ರೂಪ ಸಾಕ್ಷಿ ನುಡಿಯುತ್ತದೆ. ಕಿವಿಯನ್ನು ನಂಬಿ ಬರೆದಿದ್ದರೆ ಒಂದೇ ಧಾತುವಿಗೆ ಮೂರು ವೇಷಗಳಾಗುತ್ತಿದ್ದವು, ಅವು ಒಂದೇ ಮನೆಯವು ಎಂಬುದು ಕಣ್ಣಿಗೆ ತಿಳಿಯುತ್ತಿರಲಿಲ್ಲ. ರಷ್ಯನ್ ಬರಹ ಉಚ್ಚಾರಕ್ಕಿಂತ ಪದದ ಮೂಲವನ್ನು ಕಾಪಾಡುತ್ತದೆ. ಕನ್ನಡ ಹಿಡಿದದ್ದು ಬೇರೆ ದಾರಿ: ‘ಹೊಸ’ ಮತ್ತು ‘ಕನ್ನಡ’ ಸೇರಿದಾಗ ದನಿ ಬದಲಾಯಿತೆಂದು ಬರಹವನ್ನೂ ಬದಲಿಸಿ ‘ಹೊಸಗನ್ನಡ’ ಎಂದು ಬರೆಯುತ್ತೇವೆ. ರಷ್ಯನ್ನರ ಪದ್ಧತಿ ನಮ್ಮದಾಗಿದ್ದರೆ ‘ಹೊಸಕನ್ನಡ’ ಎಂದು ಬರೆದು ‘ಹೊಸಗನ್ನಡ’ ಎಂದು ಓದುತ್ತಿದ್ದೆವು.

ರಷ್ಯನ್ ಶಾಲೆಗಳಲ್ಲಿ ಮಕ್ಕಳಿಗೆ ಕಾಗುಣಿತ ಕಲಿಸುವುದು ಈ ಸಾಕ್ಷಿಯ ಕ್ರಮದಿಂದಲೇ. ‘ವದಾ’ ಎಂದರೆ ನೀರು. ಅದನ್ನು ‘ಅ’ದಿಂದ ಬರೆಯಬೇಕೋ ‘ಒ’ದಿಂದ ಬರೆಯಬೇಕೋ ಎಂಬ ಸಂದೇಹ ಬಂದರೆ, ಅದೇ ಸ್ವರದ ಮೇಲೆ ಒತ್ತು ಬೀಳುವ ಇನ್ನೊಂದು ರೂಪವನ್ನು ಹುಡುಕಬೇಕು. ‘ನೀರನ್ನು’ ಎಂಬುದು ‘ವೋದು’. ಹಾಗಾಗಿ ‘ಒ’ದಿಂದಲೇ ಬರೆಯಬೇಕು. ಆದರೆ ಈ ಕ್ರಮ ಎಲ್ಲ ಕಡೆಯೂ ನಡೆಯುವುದಿಲ್ಲ. ನಾಯಿ ಎಂಬರ್ಥದ ‘ಸಬಾಕ’ದ ಮೊದಲ ಸ್ವರಕ್ಕೆ ಸಾಕ್ಷಿಯೇ ಇಲ್ಲ, ಅದನ್ನು ‘ಸೊಬಾಕ’ ಎಂದು ಬರೆಯಬೇಕೆಂಬುದನ್ನು ಮಗು ಬಾಯಿಪಾಠ ಮಾಡಬೇಕು. ನಿಮ್ಮ ‘ಮೊಲೊಕೊ’ವಿನ ಕಥೆ ಅರ್ಧ ಹಾಗೆ, ಅರ್ಧ ಹೀಗೆ: ‘ಹಾಲಿನ’ ಎಂಬರ್ಥದ ‘ಮಲೋಚ್ನಿಯ್’ ನಡುವಿನ ‘ಒ’ವನ್ನು ತೋರಿಸಿಕೊಡುತ್ತದೆ, ಮೊದಲನೆಯದು ಮಾತ್ರ ನೆನಪಿಗೆ ಬಿಟ್ಟದ್ದು.

ಪದದ ತುದಿಯಲ್ಲೂ ಬರಹ ಒಂದು ಕೆಲಸ ಮಾಡುತ್ತದೆ. ‘ಮಾತು, ಪದ’ ಎಂಬರ್ಥದ ‘ಸ್ಲೋವ’ವೂ ‘ಸಬಾಕ’ವೂ ಕಿವಿಗೆ ಒಂದೇ ದನಿಯಲ್ಲಿ ಮುಗಿಯುತ್ತವೆ. ಆದರೆ ಮೊದಲನೆಯದು ನಪುಂಸಕಲಿಂಗ, ತುದಿಯಲ್ಲಿ ‘ಒ’ ಬರೆಯುತ್ತಾರೆ; ಎರಡನೆಯದು ಸ್ತ್ರೀಲಿಂಗ, ಅಲ್ಲಿ ‘ಅ’. ಕಿಟಕಿ ಎಂಬರ್ಥದ ‘ಅಕ್ನೋ’ದಲ್ಲಿ ಒತ್ತು ತುದಿಯಲ್ಲೇ ಇರುವುದರಿಂದ ನಪುಂಸಕದ ‘ಒ’ ಅಲ್ಲಿ ಬಾಯಿಬಿಟ್ಟು ಕೇಳಿಸುತ್ತದೆ. ದನಿಯಂತೆ ಬರೆದರೆ ಈ ಲಿಂಗದ ಗುರುತು ಅಳಿಯುತ್ತದೆ.

ಈ ಬರಹ ಮೊದಲಿಗೆ ಕೇವಲ ವ್ಯಾಕರಣಕ್ಕಾಗಿ ಹುಟ್ಟಿದ್ದೆಂದೂ ತಿಳಿಯಬಾರದು. ಹಿಂದೆ ಆ ‘ಒ’ಗಳನ್ನು ‘ಒ’ ಎಂದೇ ನುಡಿಯುತ್ತಿದ್ದರು. ಅಕಾನ್ಯೆ ದಕ್ಷಿಣದಿಂದ ಹರಡಿ ಮಾಸ್ಕೋದ ಶಿಷ್ಟ ನುಡಿಯಲ್ಲಿ ನೆಲೆಯೂರಿದ್ದು ಅನಂತರದ ಮಾತು. ವೊಲೊಗ್ದಾ ಮೊದಲಾದ ಉತ್ತರದ ಕಡೆಗಳ ಹಳ್ಳಿಯ ಹಿರಿಯರ ಬಾಯಲ್ಲಿ ‘ಮೊಲೊಕೋ’ ಎಂಬ ಹಳೆಯ ಉಚ್ಚಾರ ಉಳಿದುಬಂದಿದೆ. 1918ರ ಕಾಗುಣಿತ ಸುಧಾರಣೆ ಕೆಲವು ಅಕ್ಷರಗಳನ್ನೇ ತೆಗೆದುಹಾಕಿತು, ಆದರೆ ಈ ‘ಒ’ಗಳನ್ನು ಮುಟ್ಟಲಿಲ್ಲ. ನೆರೆಯ ಬೆಲರೂಸಿಯನ್ನರು ಮಾತ್ರ ನೀವು ಬಯಸುವ ದಾರಿಯನ್ನು ಹಿಡಿದಿದ್ದಾರೆ: ಹಾಲನ್ನು ‘ಮಲಕೊ’ ಎಂದೇ, ನೀರನ್ನು ‘ವದ’ ಎಂದೇ ಬರೆಯುತ್ತಾರೆ. ಓದುವುದು ಅಲ್ಲಿ ಸುಲಭ. ಆದರೆ ನೀರಿನ ಬಹುವಚನದಲ್ಲಿ ಒತ್ತು ಹಿಂದೆ ಸರಿದು ‘ಒ’ ಮರಳುತ್ತದೆ, ಒಂದೇ ಧಾತುವನ್ನು ಎರಡು ಬಗೆಯಲ್ಲಿ ಬರೆಯಬೇಕಾಗುತ್ತದೆ.

ನಿಮ್ಮ ಮಗಳಿಗೆ ತೊಡಕಾಗುವುದು ‘ಅ’ದಿಂದಲ್ಲ, ಒತ್ತಿನ ಜಾಗದಿಂದ. ನಮ್ಮ ಹ್ರಸ್ವ ‘ಅ’ ರಷ್ಯನ್ನಿನ ಮಸುಕು ಸ್ವರಕ್ಕೆ ಬಹಳ ಹತ್ತಿರ, ಅದಕ್ಕಾಗಿ ನಾಲಿಗೆಯನ್ನು ಪಳಗಿಸಬೇಕಾಗಿಲ್ಲ. ಒತ್ತುಳ್ಳ ಸ್ವರ ನಮ್ಮ ಕಿವಿಗೆ ದೀರ್ಘದಂತೆ ಕೇಳಿಸುತ್ತದೆ. ಈ ಉತ್ತರದಲ್ಲಿ ನಾನು ದೀರ್ಘಗಳನ್ನು ಬಳಸಿದ್ದೂ ಆ ಕಾರಣಕ್ಕೆ, ರಷ್ಯನ್ನಿನಲ್ಲಿ ಹ್ರಸ್ವ–ದೀರ್ಘ ಭೇದವಿದೆ ಎಂದಲ್ಲ. ಆದರೆ ಸಾಮಾನ್ಯ ಪುಸ್ತಕ, ಪತ್ರಿಕೆಗಳಲ್ಲಿ ಒತ್ತನ್ನು ಗುರುತಿಸುವುದಿಲ್ಲ. ಅಕ್ಷರಗಳು ಒಂದೇ ಆಗಿದ್ದರೂ ‘ಜಾಮಕ್’ ಎಂದರೆ ಕೋಟೆಯರಮನೆ, ‘ಜಮೋಕ್’ ಎಂದರೆ ಬೀಗ. ನಿಘಂಟಿನಲ್ಲಿ ಮತ್ತು ಪಠ್ಯಪುಸ್ತಕಗಳಲ್ಲಿ ಸ್ವರದ ಮೇಲೆ ಓರೆಗೆರೆ ಇರುತ್ತದೆ. ಹೊಸ ಪದವನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸುವಾಗ ಆ ಗೆರೆಯನ್ನೂ ಅವಳು ಬರೆದುಕೊಳ್ಳಲಿ, ಏಕವಚನದ ಪಕ್ಕದಲ್ಲೇ ಬಹುವಚನವನ್ನೂ ಇಡಲಿ. ‘ಗೋರತ್’, ‘ಗರದಾ’ಗಳಂತೆ ಒತ್ತು ಜಾರುವ ಪದಗಳು ಆಗ ತಾವಾಗಿಯೇ ಕಣ್ಣಿಗೆ ಬೀಳುತ್ತವೆ.