ಪೋಸ್ಟರ್ ಘೋಷವಾಕ್ಯವನ್ನು ಅರಬ್ಬಿಗೆ ಪದಕ್ಕೆ ಪದ ಯಾಕೆ ಅನುವಾದಿಸಲ್ಲ?

ಪ್ರಶ್ನೆ: ಅರ್ಥ ಸರಿಯಾಗಿದ್ದರೆ ಸಾಕಲ್ವಾ? ಜಾಹೀರಾತಿನ ಸಾಲನ್ನು ಅರಬ್ಬಿಯಲ್ಲಿ ಹೊಸದಾಗಿ ಯಾಕೆ ಬರೆಯುತ್ತಾರೆ?

ಉತ್ತರ: ಸಾಕಾಗಲ್ಲ. ಘೋಷವಾಕ್ಯ ಮನಸ್ಸಿಗೆ ನಾಟೋದು ಅದರ ಮಾತಿನ ಧಾಟಿಯಿಂದ, ಆ ಧಾಟಿ ಹುಟ್ಟೋದು ಆಯಾ ಭಾಷೆಯ ವ್ಯಾಕರಣದಿಂದ.

ಮೆಕ್‌ಡೊನಾಲ್ಡ್ಸ್‌ನ 'ಐಯಾಮ್ ಲವಿನ್ ಇಟ್' ನೋಡಿ. ಇಂಗ್ಲಿಷಿನಲ್ಲಿ 'ಲವ್'ಗೆ ಸಾಮಾನ್ಯವಾಗಿ 'ಇಂಗ್' ಸೇರಿಸಲ್ಲ. ಸೇರಿಸಿದ್ದಕ್ಕೇ ಅದು ಹುಡುಗರು ಬೀದಿಯಲ್ಲಿ ಆಡುವ ಮಾತಿನಂತೆ ಕೇಳುತ್ತದೆ. ಬರಹದ ಅರಬ್ಬಿಯಲ್ಲಿ 'ಪ್ರೀತಿಸುತ್ತೇನೆ', 'ಪ್ರೀತಿಸುತ್ತಿದ್ದೇನೆ' ಎರಡಕ್ಕೂ ಒಂದೇ ರೂಪ, 'ಉಹಿಬ್ಬು'. ಹಾಗಾಗಿ 'ಅನಾ ಉಹಿಬ್ಬುಹು' ಅಂತಷ್ಟೇ ಬರೆದರೆ ಆ ಸಲಿಗೆ ಪೂರ್ತಿ ಹೋಗಿ, ಸುಮ್ನೆ 'ನಾನು ಅದನ್ನು ಪ್ರೀತಿಸುತ್ತೇನೆ' ಅನ್ನುವ ಸಪ್ಪೆ ಹೇಳಿಕೆ ಉಳಿಯುತ್ತದೆ. ಜೊತೆಗೆ 'ಹು' ಅಂದರೆ 'ಅದನ್ನು' ಅಂತಲೂ ಆಗಬಹುದು, 'ಅವನನ್ನು' ಅಂತಲೂ ಆಗಬಹುದು! ಅದಕ್ಕೇ ಅರಬ್ಬಿ ಸಾಲಿನ ಮೊದಲಿಗೆ 'ಅಕೀದ್' ಸೇರಿತು. 'ಖಂಡಿತ', 'ಮತ್ತಿನ್ನೇನು' ಅನ್ನೋಕೆ ಜನ ದಿನವೂ ಬಳಸುವ ಪದ ಅದು. ಮೂಲದಲ್ಲಿ ಇಲ್ಲದ ಪದ, ಆದರೆ ಮೂಲದ ಸಲಿಗೆಯನ್ನು ವಾಪಸ್ ತಂದದ್ದು ಅದೇ. ನನಗೆ ತುಂಬಾ ಹಿಡಿಸಿದ ಪರಿಹಾರ.

ಇನ್ನೊಂದು ತೊಡಕು ಲಿಂಗದ್ದು. ನಾವು 'ಕುಡಿ' ಅಂದರೆ ಹುಡುಗ, ಹುಡುಗಿ ಇಬ್ಬರಿಗೂ ಆಯಿತು. ಅರಬ್ಬಿಯಲ್ಲಿ ಗಂಡಸಿಗೆ 'ಇಶ್ರಬ್', ಹೆಂಗಸಿಗೆ 'ಇಶ್ರಬೀ'. ಪೋಸ್ಟರ್‌ನಲ್ಲಿ ಒಂದನ್ನೇ ಆರಿಸಬೇಕು, ಇಲ್ಲವೇ ಆಜ್ಞೆಯನ್ನೇ ಬಿಟ್ಟು ಸಾಲನ್ನು ಬೇರೆ ರೀತಿ ಕಟ್ಟಬೇಕು.