ಒಟ್ಟು ಶೇ 70 ಇದ್ದರೂ ಒಂದು ಪೇಪರ್ ಕೈತಪ್ಪಬಹುದು

ಪ್ರಶ್ನೆ: ನನ್ನ ಮಗಳು ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ ನಾಲ್ಕು ವರ್ಷದ ಪದವಿಯ ಮೂರನೇ ಸೆಮಿಸ್ಟರಿನಲ್ಲಿದ್ದಾಳೆ. ಅರಸಿನ ಮುಂಡಿಗೆಯಾಗಿ ತಿಂಗಳ ಹತ್ತಿರ ಮನೆಯಲ್ಲೇ ಇದ್ದಳು. ಶುರುವಿನಲ್ಲಿ ಸರಕಾರಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿಸಿದೆವು, ಆಮೇಲೆ ಹಳ್ಳಿಮದ್ದು ಕೊಟ್ಟೆವು. ಹಾಗಾಗಿ ಡಾಕ್ಟರ ಸರ್ಟಿಫಿಕೇಟ್ ಇಲ್ಲ. ಹಾಜರಿ ಒಟ್ಟು ಶೇ 70 ಇದೆ. ದಂಡ ಕಟ್ಟಿದರೆ ಸಾಕು ಅಂತ ಕೆಲವರು, ಪರೀಕ್ಷೆಗೆ ಕೂರಿಸುವುದೇ ಇಲ್ಲ ಅಂತ ಕೆಲವರು. ಅವಳು ಎನ್.ಎಸ್.ಎಸ್.ನಲ್ಲೂ ಇದ್ದಾಳೆ. ಹಾಜರಿ ಪಟ್ಟಿಯ ಪ್ರತಿ ಕಳಿಸಿದ್ದೇನೆ. ಏನು ಮಾಡುವುದು?
— ಒಬ್ಬ ತಾಯಿ, ಪೆರ್ಲ

ಉತ್ತರ: ಮೊದಲು ಆ ಶೇ 70ನ್ನು ಮರೆತುಬಿಡಿ. ಹಿಂದಿನ ಮೂರು ವರ್ಷದ ಪದವಿಯಲ್ಲಿ ಸೆಮಿಸ್ಟರಿನ ಎಲ್ಲ ಪೇಪರುಗಳ ಹಾಜರಿಯನ್ನು ಒಟ್ಟು ಸೇರಿಸಿ ನೋಡುತ್ತಿದ್ದರು. 2024ರಲ್ಲಿ ಶುರುವಾದ ನಾಲ್ಕು ವರ್ಷದ ಪದವಿಯಲ್ಲಿ ಹಾಗಿಲ್ಲ, ಒಂದೊಂದು ಪೇಪರಿಗೂ ಬೇರೆ ಬೇರೆಯಾಗಿ ಶೇ 75 ಬೇಕು. ಅಕ್ಕ ಅಣ್ಣಂದಿರು ಓದಿದ ಕಾಲದ ಲೆಕ್ಕವನ್ನೇ ಹಿಡಿದುಕೊಂಡು ಹಲವರು ಎಡವುವುದು ಇಲ್ಲೇ.

ನೀವು ಕಳಿಸಿದ ಪಟ್ಟಿಯಲ್ಲಿ ಆರು ಪೇಪರುಗಳಿವೆ. ಪ್ರಾಕ್ಟಿಕಲ್ ಇರುವ ಪೇಪರಿಗೆ 75 ಗಂಟೆಗಳಲ್ಲಿ 54 ಹಾಜರಿ. 60 ಗಂಟೆಯ ಮೂರು ಪೇಪರುಗಳಲ್ಲಿ 41, 43 ಮತ್ತು 44. 45 ಗಂಟೆಯ ಎರಡರಲ್ಲಿ 32 ಮತ್ತು 29. ಎಲ್ಲ ಕೂಡಿಸಿದರೆ 345ರಲ್ಲಿ 243, ಅಂದರೆ ಶೇ 70.4. ಕಾಲೇಜಿನವರು ನಿಮಗೆ ಹೇಳಿದ್ದು ಇದನ್ನೇ. ಆದರೆ ಆ ಕೊನೆಯ ಪೇಪರನ್ನು ನೋಡಿ: 45ರಲ್ಲಿ 29 ಎಂದರೆ ಶೇ 64.4. ಕಂಡೊನೇಷನ್, ಅಂದರೆ ಹಾಜರಿ ಕೊರತೆಯ ಮನ್ನಾ, ಸಿಗುವುದು ಹೆಚ್ಚೆಂದರೆ ಶೇ 10ರಷ್ಟಕ್ಕೆ. 75ರಿಂದ ಕೆಳಗೆ 65ರವರೆಗೆ ಮಾತ್ರ. 64.4ನ್ನು 65 ಎಂದು ಯಾರೂ ಮೇಲಕ್ಕೆ ಎತ್ತಿ ಬರೆಯುವುದಿಲ್ಲ. 45 ಗಂಟೆಯ ಪೇಪರಿಗೆ ಶೇ 65 ಅಂದರೆ 29.25, ಹಾಗಾಗಿ ಕನಿಷ್ಠ 30 ಗಂಟೆ ಬೇಕು. ನಿಮ್ಮ ಮಗಳು ಒಂದೇ ಒಂದು ಗಂಟೆಯಿಂದ ಅರ್ಜಿ ಹಾಕುವ ಅರ್ಹತೆಯಿಂದಲೇ ಹೊರಗಿದ್ದಾಳೆ. ಈ ಪಟ್ಟಿ ಹೀಗೇ ಮೇಲೆ ಹೋದರೆ ಉಳಿದ ಐದಕ್ಕೆ ದಾರಿಯಿದೆ, ಇದೊಂದಕ್ಕೆ ಇಲ್ಲ.

ಆದ್ದರಿಂದ ಮೊದಲ ಕೆಲಸ ಅರ್ಜಿ ಬರೆಯುವುದಲ್ಲ, ಡ್ಯೂಟಿ ಲೀವ್ ಸೇರಿಸುವುದು. ಎನ್.ಎಸ್.ಎಸ್. ಕೆಲಸಕ್ಕೆ ತರಗತಿ ಬಿಟ್ಟು ಹೋದ ಗಂಟೆಗಳನ್ನು ಹಾಜರಿ ಎಂದೇ ಎಣಿಸುತ್ತಾರೆ. ಆದರೆ ಅದು ತಾನಾಗಿ ಏರುವುದಿಲ್ಲ. ಕಾರ್ಯಕ್ರಮಾಧಿಕಾರಿಯ ಸಹಿಯಿರುವ ಪತ್ರ ವಿಭಾಗಕ್ಕೆ ತಲುಪಬೇಕು, ಅದರಲ್ಲಿ ದಿನಾಂಕದ ಜತೆ ಯಾವ ಯಾವ ಗಂಟೆ ಎಂಬುದೂ ಇರಬೇಕು. ಬರೀ "ರಕ್ತದಾನ ಶಿಬಿರದಲ್ಲಿ ಭಾಗವಹಿಸಿದ್ದಾಳೆ" ಎಂಬ ಪತ್ರ ಸಾಲದು, ಪೇಪರುವಾರು ಲೆಕ್ಕದಲ್ಲಿ ಅದನ್ನು ಯಾವುದಕ್ಕೆ ಸೇರಿಸುವುದು ಎಂದು ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಮೂರು ಮಧ್ಯಾಹ್ನಗಳ ಎದುರು ಪೆನ್ಸಿಲಿನಲ್ಲಿ ಎನ್.ಎಸ್.ಎಸ್. ಎಂದು ಬರೆದಿದೆ, ಆದರೆ ಗೈರುಹಾಜರಿ ಹಾಗೇ ಉಳಿದಿದೆ. ಪತ್ರ ಕೊಟ್ಟಿಲ್ಲ ಎಂದೇ ಅದರ ಅರ್ಥ.

ಆ ಮೂರು ಮಧ್ಯಾಹ್ನಗಳಲ್ಲಿ ಒಟ್ಟು ಆರು ಗಂಟೆ ಇತ್ತು: ಪ್ರಾಕ್ಟಿಕಲ್ ಪೇಪರಿನದು ಎರಡು, ಬೇರೆ ನಾಲ್ಕು ಪೇಪರುಗಳದು ಒಂದೊಂದು. ಸೇರಿಸಿ ನೋಡಿ. 29 ಇದ್ದದ್ದು 30 ಆಗುತ್ತದೆ, ಶೇ 66.7, ಬಾಗಿಲು ತೆರೆಯಿತು. 54 ಇದ್ದದ್ದು 56, 41 ಇದ್ದದ್ದು 42, 43 ಇದ್ದದ್ದು 44, 32 ಇದ್ದದ್ದು 33.

ಇನ್ನೊಂದು ವಿಷಯ. 2023ರ ಜನವರಿಯಲ್ಲಿ ಕೇರಳ ಸರಕಾರ ಮುಟ್ಟಿನ ರಜೆಯ ಆದೇಶ ಹೊರಡಿಸಿತು. ಅದರ ಪ್ರಕಾರ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿನಿಯರಿಗೆ ಶೇ 75ರ ಬದಲು ಶೇ 73 ಹಾಜರಿ ಸಾಕು. ಇದಕ್ಕೆ ವೈದ್ಯರ ಪತ್ರ, ಕಂಡೊನೇಷನ್ ಅರ್ಜಿ ಏನೂ ಬೇಡ. ಶೇ 73 ಎಂದರೆ 75 ಗಂಟೆಯ ಪೇಪರಿಗೆ 55, 60 ಗಂಟೆಯದಕ್ಕೆ 44, 45 ಗಂಟೆಯದಕ್ಕೆ 33. ಡ್ಯೂಟಿ ಲೀವ್ ಸೇರಿದ ಮೇಲಿನ ಅಂಕಿಗಳನ್ನು ಪಕ್ಕದಲ್ಲಿ ಇಟ್ಟು ನೋಡಿ: ಆರರಲ್ಲಿ ನಾಲ್ಕು ಪೇಪರುಗಳು ಅಲ್ಲೇ ದಾಟಿಬಿಡುತ್ತವೆ. ಉಳಿಯುವುದು ಎರಡೇ, ಹಾಜರಿ 42 ಇರುವುದು ಮತ್ತು 30 ಇರುವುದು. ಕಂಡೊನೇಷನ್ ಕೇಳಬೇಕಾದದ್ದು ಇವೆರಡಕ್ಕೆ. ಗಡಿ ದಾಟಿ ಮಂಗಳೂರಿನ ಕಾಲೇಜುಗಳಿಗೆ ಹೋಗುವ ನಮ್ಮ ಹುಡುಗಿಯರಿಗೆ ಈ ಆದೇಶ ಅನ್ವಯಿಸುವುದಿಲ್ಲ. ಅಲ್ಲಿಯದು ಕರ್ನಾಟಕದ ವಿಶ್ವವಿದ್ಯಾಲಯದ ನಿಯಮ.

ರೈಲು ತಡವಾಗಿ ಮೊದಲ ಗಂಟೆ ತಪ್ಪಿದ್ದನ್ನೂ ಸರಿಪಡಿಸಬಹುದೇ ಎಂದು ಹಲವು ಹೆತ್ತವರು ಕೇಳುತ್ತಾರೆ. ಆಗದು. ಆ ಗಂಟೆಯಲ್ಲಿ ಅವಳು ತರಗತಿಯಲ್ಲಿ ಇರಲಿಲ್ಲ, ಕಾಲೇಜಿನ ಕೆಲಸದಲ್ಲೂ ಇರಲಿಲ್ಲ. ತರಗತಿಯಲ್ಲಿ ಕೂತಿದ್ದೂ ಗೈರು ಎಂದು ಬಿದ್ದಿದ್ದರೆ ಮಾತು ಬೇರೆ. ಆ ಪೇಪರಿನ ಅಧ್ಯಾಪಕರನ್ನೇ ಕಂಡು ದಿನಾಂಕ ಹೇಳಿ ತಿದ್ದಿಸಬೇಕು.

ಇದೆಲ್ಲಕ್ಕೂ ಒಂದು ಗಡುವಿದೆ. ಸೆಮಿಸ್ಟರ್ ಮುಗಿಯುವಾಗ ಕಾಲೇಜು ಪ್ರತಿ ವಿದ್ಯಾರ್ಥಿಯ ಹಾಜರಿ ಮತ್ತು ಪ್ರಗತಿಯ ಪ್ರಮಾಣಪತ್ರವನ್ನು ವಿಶ್ವವಿದ್ಯಾಲಯಕ್ಕೆ ಸಲ್ಲಿಸುತ್ತದೆ. ಕಚೇರಿಯಲ್ಲಿ ಎಲ್ಲರೂ ಅದನ್ನು ಎ.ಪಿ.ಸಿ. ಎನ್ನುತ್ತಾರೆ. ಹಾಲ್ ಟಿಕೆಟ್ ನಿಲ್ಲುವುದೂ ಸಿಗುವುದೂ ಇದರ ಮೇಲೆ. ಎ.ಪಿ.ಸಿ. ಹೋದ ಮೇಲೆ ಡ್ಯೂಟಿ ಲೀವ್ ಪತ್ರ ಹಿಡಿದುಕೊಂಡು ಬಂದರೆ, ಕಾಲೇಜು ತಾನೇ ಸಹಿ ಹಾಕಿ ಕಳಿಸಿದ ಲೆಕ್ಕ ತಪ್ಪು ಎಂದು ಬರೆದುಕೊಡಬೇಕಾಗುತ್ತದೆ. ಯಾವ ಪ್ರಾಂಶುಪಾಲರೂ ಅದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ನಾಳೆಯೇ ಕಚೇರಿಗೆ ಹೋಗಿ ಎ.ಪಿ.ಸಿ.ಯ ಕೊನೆಯ ದಿನ ಯಾವುದೆಂದು ಕೇಳಿ, ಆ ತಾರೀಕಿನಿಂದ ಹಿಂದಕ್ಕೆ ಎಣಿಸಿ ಕೆಲಸ ಮಾಡಿ.

ಇನ್ನು ಸರ್ಟಿಫಿಕೇಟಿನ ವಿಷಯ. ಕಾಯಿಲೆಯ ಕಾರಣಕ್ಕೆ ಕಂಡೊನೇಷನ್ ಕೇಳಿದರೆ ವೈದ್ಯಕೀಯ ದಾಖಲೆ ಬೇಕೇ ಬೇಕು. ಹಳ್ಳಿಮದ್ದು ಕೊಟ್ಟವರ ಚೀಟಿ ನಡೆಯದು. ಅವರ ಮದ್ದಿನ ಗುಣದ ಪ್ರಶ್ನೆ ಇದಲ್ಲ, ಅವರಿಗೆ ವೈದ್ಯಕೀಯ ನೋಂದಣಿ ಸಂಖ್ಯೆ ಇಲ್ಲ ಅಷ್ಟೆ. ನೋಂದಣಿಯಿರುವ ಆಯುರ್ವೇದ ವೈದ್ಯರ ಪತ್ರಕ್ಕೆ ಆ ತೊಡಕಿಲ್ಲ, ಆದರೆ ನೀವು ಅಂಥವರಲ್ಲಿಗೂ ಹೋದಂತಿಲ್ಲ. ನಿಮ್ಮ ಕೈಯಲ್ಲಿರುವ ನಿಜವಾದ ಸಾಕ್ಷಿ ಆ ಸರಕಾರಿ ಆಸ್ಪತ್ರೆಯ ರಕ್ತಪರೀಕ್ಷೆ. ಬಿಲಿರುಬಿನ್ ಎಷ್ಟಿತ್ತು ಎಂಬ ವರದಿಯಲ್ಲಿ ದಿನಾಂಕ ಇದೆ, ಆವತ್ತಿನ ಒ.ಪಿ. ಚೀಟಿ ಇದೆ. ಚೀಟಿ ಕಳೆದುಹೋಗಿದ್ದರೂ ಆಸ್ಪತ್ರೆಯ ಒ.ಪಿ. ದಾಖಲೆಯಲ್ಲಿ ಹೆಸರು ಇರುತ್ತದೆ.

ಇವನ್ನು ಹಿಡಿದುಕೊಂಡು, ಮಗಳನ್ನೂ ಕರೆದುಕೊಂಡು, ಅದೇ ಆಸ್ಪತ್ರೆಗೆ ಹೋಗಿ. ಈಗ ಮತ್ತೊಮ್ಮೆ ರಕ್ತಪರೀಕ್ಷೆ ಮಾಡಿಸಿ. ಇಂಥ ದಿನ ಕಾಮಾಲೆ ಪತ್ತೆಯಾಗಿತ್ತು, ವಿಶ್ರಾಂತಿ ಬೇಕಾಗಿತ್ತು, ಈಗ ಗುಣವಾಗಿದೆ ಎಂದು ವೈದ್ಯರು ದಾಖಲೆ ನೋಡಿ ಬರೆದುಕೊಡಬಹುದು. ಪತ್ರದಲ್ಲಿ ಕಾಯಿಲೆಯ ಹೆಸರು, ಯಾವ ದಿನದಿಂದ ಯಾವ ದಿನದವರೆಗೆ, ವೈದ್ಯರ ಸಹಿ, ಮೊಹರು, ನೋಂದಣಿ ಸಂಖ್ಯೆ, ಪತ್ರ ಬರೆದ ತಾರೀಕು ಇಷ್ಟೂ ಇರಲಿ. ತಾರೀಕು ಇವತ್ತಿನದೇ ಇರಲಿ. ಹಳೆ ತಾರೀಕು ಹಾಕಿಸಿ ಎಂದು ಸಲಹೆ ಕೊಡುವವರು ಸಿಗುತ್ತಾರೆ, ಕೇಳಬೇಡಿ. ಮಗಳನ್ನು ನೋಡಿಯೇ ಇರದ ಖಾಸಗಿ ವೈದ್ಯರೊಬ್ಬರು ಹಿಂದಿನ ತಿಂಗಳ ತಾರೀಕಿನಲ್ಲಿ ಬರೆದ ಪತ್ರ, ಅದರ ಪಕ್ಕದಲ್ಲಿ ಸರಕಾರಿ ಆಸ್ಪತ್ರೆಯ ವರದಿ. ಎರಡೂ ಒಂದಕ್ಕೊಂದು ತಾಳೆಯಾಗದಿದ್ದರೆ ನಿಜವಾದ ಕಾಯಿಲೆಯೂ ಸುಳ್ಳಾಗಿ ಕಾಣುತ್ತದೆ. ಪತ್ರದ ದಿನಗಳು ಹಾಜರಿ ಪುಸ್ತಕದ ಗೈರುಹಾಜರಿಗೆ ಹೊಂದಬೇಕು ಎಂಬುದೂ ನೆನಪಿರಲಿ. ರಜೆಯೆಂದು ಹೇಳಿದ ವಾರದ ನಡುವೆ ಒಂದು ದಿನ ಹಾಜರಿ ಬಿದ್ದಿದ್ದರೆ ಪ್ರಶ್ನೆ ಬಂದೇ ಬರುತ್ತದೆ.

ಅರ್ಜಿ ಹೋಗುವ ದಾರಿ ಹೀಗೆ. ಕಾಲೇಜಿನ ಕಚೇರಿಯಲ್ಲಿ ಅಥವಾ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಕಂಡೊನೇಷನ್ ಫಾರ್ಮ್ ಸಿಗುತ್ತದೆ. ಇಂಗ್ಲಿಷಿನಲ್ಲಿ ತುಂಬಿ. ಯಾವ ಪೇಪರಿಗೆ ಒಟ್ಟು ಎಷ್ಟು ಗಂಟೆ, ಎಷ್ಟು ಹಾಜರಿ, ಎಷ್ಟು ಕೊರತೆ ಎಂದು ಬರೆಯುವ ಅಂಕಿಗಳು ಎ.ಪಿ.ಸಿ.ಯ ಅಂಕಿಗಳೇ ಆಗಿರಬೇಕು. ಡ್ಯೂಟಿ ಲೀವ್ ಏರಿದ ಮೇಲೆಯೇ ಫಾರ್ಮ್ ತುಂಬಿ ಎನ್ನುವುದು ಅದಕ್ಕೇ. ನಿಗದಿತ ಶುಲ್ಕ ಕಟ್ಟಿದ ರಸೀದಿ, ವೈದ್ಯರ ಪತ್ರ, ಎರಡೂ ರಕ್ತಪರೀಕ್ಷೆಯ ವರದಿಗಳ ಪ್ರತಿ ಲಗತ್ತಿಸಿ ವಿಭಾಗದ ಮುಖ್ಯಸ್ಥರಿಗೆ ಕೊಡಿ. ಅವರ ಶಿಫಾರಸಿನ ಮೇಲೆ ಪ್ರಾಂಶುಪಾಲರು ವಿಶ್ವವಿದ್ಯಾಲಯಕ್ಕೆ ಕಳಿಸುತ್ತಾರೆ, ಮಂಜೂರು ಮಾಡುವುದು ಅಲ್ಲಿ. ನೀವು ಕಣ್ಣೂರಿಗೆ ಓಡಬೇಕಾಗಿಲ್ಲ. ಆದರೆ ಕೊಟ್ಟ ಅರ್ಜಿಯ ಒಂದು ಪ್ರತಿಗೆ ಕಚೇರಿಯ ಮೊಹರು ಹಾಕಿಸಿಕೊಳ್ಳಿ, ನಾಲ್ಕು ದಿನ ಬಿಟ್ಟು ಕಳಿಸಿದರೇ ಎಂದು ವಿಚಾರಿಸಿ. ಮೇಜಿನ ಮೇಲೆಯೇ ಕೂತ ಅರ್ಜಿಗಳು ಕಡಿಮೆಯಿಲ್ಲ.

ದಂಡದ ಮಾತು ಎಲ್ಲಿಂದ ಹುಟ್ಟಿತು ಎಂದರೆ, ಪರೀಕ್ಷೆಗೆ ನೋಂದಾಯಿಸುವಾಗ ಕೊನೆಯ ದಿನ ತಪ್ಪಿದವರು ಫೈನ್ ಕಟ್ಟುತ್ತಾರಲ್ಲ, ಅದನ್ನೂ ಕಂಡೊನೇಷನ್ ಶುಲ್ಕವನ್ನೂ ಜನ ಒಂದೇ ಎಂದುಕೊಂಡಿದ್ದಾರೆ. ಫೈನ್ ಕಟ್ಟಿದರೆ ನೋಂದಣಿ ಆಗುತ್ತದೆ, ಹಾಜರಿ ಒಂದು ಗಂಟೆಯೂ ಏರುವುದಿಲ್ಲ. ಕಂಡೊನೇಷನ್ ಶುಲ್ಕ ಅರ್ಜಿಯ ಜತೆಗೆ ಕಟ್ಟುವ ಹಣ ಮಾತ್ರ, ಅದರಿಂದಲೇ ಮಂಜೂರಾಗುವುದಿಲ್ಲ. ಹಾಗೆಂದು ನೋಂದಣಿಯನ್ನು ಬಿಡಬೇಡಿ. ಹೇಗೂ ಹಾಜರಿ ಇಲ್ಲವಲ್ಲ ಎಂದು ನೋಂದಾಯಿಸದೆ ಕೂತು, ಆಮೇಲೆ ಕಂಡೊನೇಷನ್ ಮಂಜೂರಾಗಿ ಬಂದಾಗ ಪರೀಕ್ಷೆ ಬರೆಯಲು ಹೆಸರೇ ಇಲ್ಲದ ಸ್ಥಿತಿ ಬರಬಾರದು. ಆರೂ ಪೇಪರುಗಳಿಗೆ ಫೈನ್ ಇಲ್ಲದ ದಿನಾಂಕದೊಳಗೇ ನೋಂದಾಯಿಸಲಿ.

ಎನ್.ಎಸ್.ಎಸ್. ಪತ್ರ ಹೇಗೂ ಸಿಗದೆ ಆ ಪೇಪರ್ 29ರಲ್ಲೇ ನಿಂತರೆ, ಅದನ್ನು ಫೇಲ್ ಆದ ಪೇಪರಿನ ಹಾಗೆ ಎಣಿಸಬೇಡಿ. ಹಾಜರಿ ಇದ್ದು ಫೇಲ್ ಆದವರು ತರಗತಿಗೆ ಬಾರದೆ ಮತ್ತೆ ಪರೀಕ್ಷೆ ಬರೆಯಬಹುದು. ಹಾಜರಿಯೇ ಇಲ್ಲದವರು ಆ ಗಂಟೆಗಳನ್ನು ತರಗತಿಯಲ್ಲಿ ಕೂತೇ ತುಂಬಿಸಬೇಕು. ಮಂಜೂರಾತಿ ಸಿಕ್ಕಿದರೂ ಆ ಆದೇಶದ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ: ಒಂದು ಪದವಿಯ ಅವಧಿಯಲ್ಲಿ ಎಷ್ಟು ಬಾರಿ ಕಂಡೊನೇಷನ್ ಪಡೆಯಬಹುದು ಎಂಬುದಕ್ಕೆ ಮಿತಿಯಿದೆ, ಮುಂದಿನ ಸೆಮಿಸ್ಟರುಗಳಲ್ಲಿ ಅರ್ಜಿ ಹಾಕಿದರೆ ಹಿಂದೆ ಪಡೆದದ್ದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ.