‘ಅ’ ಆದ ಮೇಲೆ ಬೆರಳು ಎಲ್ಲಿ ನಿಂತಿತು?

“ಸಂಪಾದಕರೇ, ನನ್ನ ಕತೆ ‘ಅ’ ಕಳಿಸಿದ್ದೇನೆ. ಊರಲ್ಲಿರುವ ಅಜ್ಜಿ ಫೋನಿನಲ್ಲಿ ಕನ್ನಡ ಟೈಪ್ ಮಾಡೋದು ಕಲಿಯುತ್ತಾರೆ. ಆದರೆ ಬೆಂಗಳೂರಿನ ಮೊಮ್ಮಗಳಿಗೆ ದಿನಾ ಕಳಿಸೋದು ‘ಅ’ ಅನ್ನೋ ಒಂದೇ ಅಕ್ಷರ. ಅಜ್ಜಿ ತೀರಿಕೊಂಡ ಮೇಲೆ ಮೊಮ್ಮಗಳಿಗೆ ಅದರ ಅರ್ಥ ಹೊಳೆಯುತ್ತೆ. ಓದಿದ ಗೆಳತಿಯರೆಲ್ಲ ಅತ್ತುಬಿಟ್ಟರು. ಆದರೂ ಎರಡು ಕಡೆಯಿಂದ ವಾಪಸ್ ಬಂತು. ಎಲ್ಲಿ ಎಡವಿದ್ದೇನೆ? ಮುಲಾಜಿಲ್ಲದೆ ಹೇಳಿ.”

ನಮಸ್ಕಾರ. ಕತೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಾವೂ ಹಾಕೋದಿಲ್ಲ. ಆದರೆ ತಿದ್ದಿ ಮತ್ತೆ ಕಳಿಸಿ ಅಂತ ಮನಸಾರೆ ಕೇಳುತ್ತಿದ್ದೇನೆ, ಯಾಕೆಂದರೆ ನಿಮ್ಮ ಕೈಯಲ್ಲಿರುವುದು ನೀವು ಬರೆದದ್ದಕ್ಕಿಂತ ದೊಡ್ಡ ಕತೆ.

ಅಜ್ಜಿ ಆ ಅಕ್ಷರ ಆದ ಮೇಲೆ ಯಾಕೆ ನಿಂತರು? ಇದಕ್ಕೆ ನಿಮ್ಮ ಉತ್ತರ ಕೊನೆಯ ಪ್ಯಾರಾದಲ್ಲಿದೆ: ‘ಅ ಅಂದರೆ ಅಕ್ಕರೆ, ಅ ಅಂದರೆ ಅಂತಃಕರಣ.’ ಈ ಮಾತು ಮೊಮ್ಮಗಳದ್ದೂ ಅಲ್ಲ, ಅಜ್ಜಿಯದ್ದೂ ಅಲ್ಲ. ನಿಮ್ಮದು. ದಿನಾ ಮಧ್ಯಾಹ್ನ ಜಗಲಿ ಮೇಲೆ ಫೋನ್ ಹಿಡಿದು ಕೂರುವ ಹೆಂಗಸು ಅಕ್ಕರೆ ಅನ್ನೋ ಪದ ಬರೆಯಲು ಕೂತಿರಲ್ಲ. ಅವರಿಗೆ ಏನೋ ಕೇಳಬೇಕಿರುತ್ತೆ.

ಏನು ಅಂತ ನಿಮ್ಮ ಎರಡನೇ ಪುಟದಲ್ಲೇ ಇದೆ. ಮೊಮ್ಮಗಳು ಫೋನ್ ಎತ್ತಿದಾಗಲೆಲ್ಲ ಅಜ್ಜಿಯ ಮೊದಲ ಮಾತು ‘ಅನ್ನ ಉಂಡ್ಯಾ ಮಗಾ?’ ಆಫೀಸಿನ ಹೊತ್ತಲ್ಲಿ ಅವಳು ಫೋನ್ ಎತ್ತಲ್ಲ ಅಂತಲೇ ಅಜ್ಜಿ ಟೈಪ್ ಕಲಿಯಲು ಹೊರಟಿದ್ದು. ಹಾಗಾದರೆ ಮೊದಲು ಬರೆಯಲು ಕೂರೋದು ಅದೇ ಮಾತನ್ನಲ್ವಾ? ‘ಅ’ ಬಂತು. ಮುಂದೆ ‘ನ್ನ’. ಅಲ್ಲಿ ಸಿಕ್ಕಿಬಿದ್ದರು.

ಅಜ್ಜಿ ನಾಲ್ಕನೇ ಕ್ಲಾಸು ಓದಿದವರು, ಕಾಗುಣಿತ ಚೆನ್ನಾಗಿ ಬರುತ್ತೆ ಅಂತ ನೀವೇ ಬರೆದಿದ್ದೀರಿ. ಕಾಗದದ ಮೇಲೆ ಅವರು ಮೊದಲು ನ ಬರೆದು, ಕೆಳಗೆ ಒತ್ತು ಕೊಡುತ್ತಾರೆ. ಫೋನಿನಲ್ಲಿ ಆ ಒತ್ತಿಗೆ ಬೇರೆ ಕೀಲಿಯೇ ಇಲ್ಲ. ನ ಒತ್ತಬೇಕು, ಆಮೇಲೆ ‘್’ ಗುರುತು ಒತ್ತಬೇಕು, ಆಮೇಲೆ ಇನ್ನೊಂದು ನ. ಇದನ್ನು ಯಾರೂ ಹೇಳಿಕೊಡದಿದ್ದರೆ ಎರಡು ಸಲ ನ ಒತ್ತುತ್ತಾರೆ. ‘ಅನನ’ ಅಂತ ಬರುತ್ತೆ. ಅಳಿಸುತ್ತಾರೆ. ಯಾರೋ ಹೇಳಿಕೊಟ್ಟರು ಅಂತಲೇ ಇಟ್ಟುಕೊಳ್ಳಿ. ‘್’ ಒತ್ತಿದ ಕೂಡಲೇ ಪರದೆಯ ಮೇಲೆ ‘ಅನ್’ ಅಂತ ಕಾಣುತ್ತೆ. ಒತ್ತು ಕಾಣಲ್ಲ. ಇನ್ನೊಂದು ನ ಒತ್ತೋವರೆಗೆ ಅದು ಕಾಣುವುದೇ ಇಲ್ಲ. ತಪ್ಪಾಯ್ತು ಅಂದುಕೊಂಡು ಅಳಿಸುತ್ತಾರೆ. ಒಂದು ಸಲ ಒತ್ತಿದರೆ ‘್’ ಹೋಯ್ತು, ಇನ್ನೊಂದು ಸಲಕ್ಕೆ ನ ಹೋಯ್ತು. ಉಳಿದದ್ದು ‘ಅ’. ಅದನ್ನೇ ಕಳಿಸಿದರು.

ನನ್ನ ದೊಡ್ಡಮ್ಮನಿಗೆ ಟೈಪ್ ಕಲಿಸಿದವಳು ನಾನೇ. ಅವರು ಕೇಳಿದ ಮೊದಲ ಪ್ರಶ್ನೆ, “ಒತ್ತಕ್ಷರಾನ ಎಲ್ಲಿಟ್ಟಿದ್ದಾರೆ?” ಅವರು ಬೆರಳ ತುದಿಯಲ್ಲಿ ಒತ್ತುತ್ತಿರಲಿಲ್ಲ, ಉಗುರಿನಿಂದ ಒತ್ತುತ್ತಿದ್ದರು. ಉಗುರು ಗಾಜಿಗೆ ತಾಗಿ ಟಕ್ ಅನ್ನುತ್ತಿತ್ತು, ಅಕ್ಷರ ಮಾತ್ರ ಬೀಳುತ್ತಿರಲಿಲ್ಲ. ಚರ್ಮ ತಾಗಿದರೆ ಮಾತ್ರ ಪರದೆಗೆ ಗೊತ್ತಾಗುತ್ತೆ ಅಂತ ನನಗೂ ಆಗಲೇ ಹೊಳೆದದ್ದು. ನಿಮ್ಮ ಕತೆಯಲ್ಲಿ ಅಜ್ಜಿಯ ಬೆರಳು ‘ನಡುಗುತ್ತೆ’ ಅಂತ ಆರು ಸಲ ಇದೆ. ಆರನ್ನೂ ತೆಗೆದು, ಉಗುರು ಟಕ್ ಅನ್ನೋದನ್ನೋ ಒಣಗಿದ ಬೆರಳನ್ನು ನೋಟು ಎಣಿಸುವಾಗಿನ ಹಾಗೆ ನಾಲಿಗೆಗೆ ಮುಟ್ಟಿಸಿಕೊಳ್ಳೋದನ್ನೋ ಒಮ್ಮೆ ಬರೆಯಿರಿ. ಸಾಕು.

ಇಷ್ಟು ಕೂಲಂಕಷವಾಗಿ ಹೇಳುವುದಕ್ಕೆ ಕಾರಣ ಇದೆ. ಓದುಗರ ಕೈಯಲ್ಲೂ ಅದೇ ಫೋನ್ ಇರುತ್ತೆ. ಅಜ್ಜಿ ಬೆರಳು ಎತ್ತೋದು ಮರೆತು ‘ಅಅಅಅಅ’ ಅಂತ ಸಾಲು ಬಿದ್ದದ್ದನ್ನು ಬರೆದಿದ್ದೀರಿ. ಅದು ಕಂಪ್ಯೂಟರಿನ ಕೀಲಿಮಣೆಯಲ್ಲಿ ಆಗುತ್ತೆ. ಫೋನಿನಲ್ಲಿ ಒತ್ತಿ ಹಿಡಿದರೆ ಸಾಮಾನ್ಯವಾಗಿ ಅಕ್ಷರ ಒಂದೇ ಬೀಳುತ್ತೆ, ಇಲ್ಲವೇ ಬೇರೆ ಅಕ್ಷರಗಳ ಪುಟ್ಟ ಪಟ್ಟಿ ತೆರೆಯುತ್ತೆ. ಇನ್ನೊಂದು ತೊಡಕು, ‘ಅ’ ಒತ್ತಿದ ಕೂಡಲೇ ಅನೇಕ ಫೋನುಗಳು ಮೇಲುಗಡೆ ‘ಅ’ಯಿಂದ ಶುರುವಾಗುವ ಪದಗಳನ್ನು ತೋರಿಸುತ್ತವೆ. ಅಜ್ಜಿ ಅದನ್ನು ಯಾಕೆ ಮುಟ್ಟಲಿಲ್ಲ ಅಂತ ಜಾಣ ಓದುಗರು ಕೇಳುತ್ತಾರೆ. ‘ಅದು ನಾನು ಬರೆದದ್ದಲ್ಲ’ ಅಂತ ಅಜ್ಜಿ ಬಿಟ್ಟಿರಬಹುದು. ಆ ಒಂದು ವಾಕ್ಯ ಅವರ ಸ್ವಭಾವವನ್ನೂ ಹೇಳುತ್ತೆ.

ಫೋನಿನ ಬದಲು ಮನೆಯ ಹಳೇ ಕಂಪ್ಯೂಟರಿನಲ್ಲಿ ಕಲಿಸಬೇಕು ಅನ್ನಿಸಿದರೆ ಅದೂ ಆಗುತ್ತೆ. ನುಡಿ ತಂತ್ರಾಂಶದಲ್ಲಿರುವ ಕೆ.ಪಿ. ರಾವ್ ವಿನ್ಯಾಸದಲ್ಲಿ ಒತ್ತಿನ ಕೆಲಸ `f` ಕೀಲಿಯದ್ದು, ಅನ್ನ ಬರೆಯಲು `anfn` ಒತ್ತಬೇಕು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಇನ್ನೂ ಚಂದದ ಒಂದು ಸಂಗತಿ ಇದೆ. ಅಲ್ಲಿ `d` ಒತ್ತಿದರೆ ‘್’, ಶಿಫ್ಟ್ ಜೊತೆ ಅದೇ `d` ಒತ್ತಿದರೆ ‘ಅ’. ಅಜ್ಜಿಗೆ ಸಿಕ್ಕ ಅಕ್ಷರ, ಸಿಗದ ಗುರುತು, ಎರಡೂ ಒಂದೇ ಕೀಲಿಯೊಳಗೆ. ಆದರೆ ನನ್ನ ಕೇಳಿದರೆ ಫೋನೇ ಇರಲಿ. ನಿಮ್ಮ ಅಜ್ಜಿಗೆ ಜಗಲಿ ಬೇಕು.

ಈಗ ದೊಡ್ಡ ತಪ್ಪು. ಮೊಮ್ಮಗಳು ‘ಅ’ ನೋಡಿ `oota aytu ajji, busy` ಅಂತ ಉತ್ತರ ಕಳಿಸುತ್ತಾಳೆ. ಇಂಗ್ಲಿಷ್ ಅಕ್ಷರದಲ್ಲಿ. ಅಜ್ಜಿಗೆ ಇಂಗ್ಲಿಷ್ ಓದಲು ಬರಲ್ಲ ಅಂತ ಮೊದಲ ಪುಟದಲ್ಲಿದೆ. ಅಂದರೆ ಅವಳ ಒಂದು ಉತ್ತರವೂ ಅಜ್ಜಿಗೆ ತಲುಪಿಲ್ಲ! ನೀವಿದನ್ನು ಗಮನಿಸಿಯೇ ಇಲ್ಲ. ಓದುಗರು ಅಜ್ಜಿಯ ಒಂಟಿ ಅಕ್ಷರಕ್ಕೆ ಮರುಗುತ್ತಾ ಕೂರುತ್ತಾರೆ, ಆದರೆ ಆ ಕಡೆಯಿಂದ ಬಂದ ಪೂರ್ತಿ ವಾಕ್ಯವೂ ಅಜ್ಜಿಗೆ ಬರೀ ಗೀಟು. ಕತೆಯ ಜೀವ ಇಲ್ಲಿದೆ. ಒಬ್ಬರಿಗೆ ಬರೆಯಲಾಗಲ್ಲ, ಇನ್ನೊಬ್ಬಳು ಬರೆದದ್ದನ್ನು ಓದಲಾಗಲ್ಲ. ಅಜ್ಜಿ ಆ ಉತ್ತರವನ್ನು ಪಕ್ಕದ ಮನೆ ಹುಡುಗನ ಹತ್ತಿರ ಓದಿಸುತ್ತಾರಾ? ಅಥವಾ ಏನೋ ಬಂತಲ್ಲ, ಹುಡುಗಿ ಚೆನ್ನಾಗಿದ್ದಾಳೆ ಅಂತ ಸಮಾಧಾನಪಟ್ಟುಕೊಳ್ಳುತ್ತಾರಾ? ಇದನ್ನು ನೀವೇ ತೀರ್ಮಾನಿಸಿ.

ಕತೆ ಮೊಮ್ಮಗಳ ಕಣ್ಣಿನಿಂದ ನಡೆಯುತ್ತೆ, ಆದ್ದರಿಂದ ಅಜ್ಜಿಯ ಒದ್ದಾಟ ಅವಳಿಗೆ ಕಾಣಲ್ಲ. ನೀವು ನಡುವೆ ಸುಮ್ನೆ ಊರಿಗೆ ಹಾರಿ ತೋರಿಸಿದ್ದೀರಿ. ಬೇಡ. ವಾಟ್ಸಾಪಿನಲ್ಲಿ ಎದುರಿನವರು ಟೈಪ್ ಮಾಡುವಾಗ ‘ಟೈಪಿಂಗ್’ ಅಂತ ಮೇಲೆ ಬರುತ್ತೆ. ಆಗ ವಾಟ್ಸಾಪ್ ತೆರೆದಿಟ್ಟುಕೊಂಡವರಿಗೆ ಮಾತ್ರ ಕಾಣುತ್ತೆ. ಅದಕ್ಕೇ ಇಷ್ಟು ದಿನ ಅವಳು ನೋಡಿಲ್ಲ. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಆಕಸ್ಮಿಕವಾಗಿ ನೋಡಲಿ. ಟೈಪಿಂಗ್ ಅಂತ ಬಂತು, ಹೋಯ್ತು. ಮತ್ತೆ ಬಂತು, ಹೋಯ್ತು. ಹನ್ನೆರಡು ನಿಮಿಷ. ಕೊನೆಗೆ ‘ಅ’. ಅನ್ನ ತಣ್ಣಗಾಗಿದೆ. ಇದರ ಪಕ್ಕ ವಿವರಣೆಯ ಒಂದು ಪದವೂ ಇಡಬೇಡಿ.

ಅಜ್ಜಿಯನ್ನು ಸಾಯಿಸಬೇಡಿ. ನಿಮ್ಮ ಗೆಳತಿಯರು ಅತ್ತದ್ದು ಸಾವಿಗೆ, ಅಕ್ಷರಕ್ಕಲ್ಲ. ಸತ್ತ ಮೇಲೆ ಹೊಳೆದರೆ ಮೊಮ್ಮಗಳು ಮಾಡಬೇಕಾದ್ದು ಏನೂ ಉಳಿಯಲ್ಲ, ನೆನೆದು ಕೊರಗೋದು ಬಿಟ್ಟರೆ. ಬದುಕಿದ್ದರೆ ಅವಳು ಉತ್ತರ ಕೊಡಬೇಕಾಗುತ್ತೆ, ಅದೂ ಅಜ್ಜಿ ಓದುವ ಅಕ್ಷರದಲ್ಲಿ. ಅವಳ ಫೋನಿನಲ್ಲಿ ಕನ್ನಡ ಕೀಲಿಮಣೆ ಹಾಕಿಕೊಂಡೇ ಇಲ್ಲ ಅಂತಿಟ್ಟುಕೊಳ್ಳಿ. ಹಾಕಿಕೊಳ್ಳುತ್ತಾಳೆ. ‘ಉಂಡೆ ಅಜ್ಜಿ’ ಅಂತ ಬರೆಯಲು ಹೊರಡುತ್ತಾಳೆ. ‘ಉಂಡೆ’ ಬರುತ್ತೆ. ‘ಅಜ್ಜಿ’ಯಲ್ಲಿ ಒತ್ತು ಇದೆ. ‘ಅಜಜಿ’ ಅಂತ ಬೀಳುತ್ತೆ. ಅವಳೂ ಅಳಿಸುತ್ತಾಳೆ.

ಅಲ್ಲಿಂದ ಮುಂದಿನ ನಾಲ್ಕು ಸಾಲು ನೀವು ಬರೆಯಬೇಕು. ಕೊನೆಯ ಎರಡು ಪುಟ ಪೂರ್ತಿ ತೆಗೆಯಿರಿ, ಜಗಲಿಯ ವರ್ಣನೆ ಮುಟ್ಟಬೇಡಿ, ಅದು ಚೆನ್ನಾಗಿದೆ. ಬರೆಯುವ ಮೊದಲು ವಯಸ್ಸಾದ ಯಾರದ್ದಾದರೂ ಫೋನಿನಲ್ಲಿ ಅವರ ಕೈಯಿಂದಲೇ ‘ಅನ್ನ’ ಬರೆಸಿ ನೋಡಿ. ನೀವು ಹೇಳಿಕೊಡಬೇಡಿ, ಪಕ್ಕದಲ್ಲಿ ಕೂತು ಬೆರಳನ್ನಷ್ಟೇ ನೋಡುತ್ತಿರಿ. ತಿದ್ದಿದ್ದು ನೇರವಾಗಿ ನನಗೇ ಕಳಿಸಿ.